ರಾಯಚೂರಿನ ಬಿಸಿಲು ಮತ್ತು 70 ಡಿಗ್ರಿಯ ಮೆಮೊರಿ ಚಿಪ್

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಹಾರ್ಡ್‌ವೇರ್ ವಿನ್ಯಾಸದ ಕೆಲಸ ಮಾಡುತ್ತೇನೆ. ಸೌರ ವಿದ್ಯುತ್ ಘಟಕಗಳಲ್ಲಿನ ಇನ್ವರ್ಟರ್‌ಗಳಿಂದ ಅಂಕಿಅಂಶ ಪಡೆದು ಮೊಬೈಲ್ ಜಾಲದ ಮೂಲಕ ಕಳುಹಿಸುವ ಡೇಟಾ ಲಾಗರ್ ನಮ್ಮ ಮುಖ್ಯ ಉತ್ಪನ್ನ. ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಇಂಥ 40 ಲಾಗರ್‌ಗಳನ್ನು ರಾಯಚೂರು ಜಿಲ್ಲೆಯಲ್ಲಿ ಅಳವಡಿಸಿದೆವು. ಮಾರ್ಚ್ ಮುಗಿಯುವವರೆಗೆ ಒಂದು ದೂರೂ ಬರಲಿಲ್ಲ. ಏಪ್ರಿಲ್ ಎರಡನೆಯ ವಾರದಿಂದ ಅವುಗಳಲ್ಲಿ ಆರು ಲಾಗರ್‌ಗಳು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಮೌನವಾಗುತ್ತಿದ್ದವು, ಸಂಜೆ ಐದರ ನಂತರ ತಾವಾಗಿಯೇ ಮಾತನಾಡತೊಡಗುತ್ತಿದ್ದವು. ಉಳಿದ 34ಕ್ಕೆ ಏನೂ ಆಗಿರಲಿಲ್ಲ.

ಮೊದಲ ವಾರವನ್ನು ನಾವು ಮೊಬೈಲ್ ಜಾಲವನ್ನು ಶಂಕಿಸುತ್ತ ಕಳೆದೆವು. ಸಿಮ್ ಬದಲಿಸಿದ್ದಾಯಿತು, ಆಂಟೆನಾ ಬದಲಿಸಿದ್ದಾಯಿತು. ಕೊನೆಗೆ ಲಾಗರ್‌ನ ಒಳಗಿನ ದಾಖಲೆಯನ್ನು ತೆಗೆದು ನೋಡಿದಾಗ, ಆ ಹೊತ್ತಿನಲ್ಲಿ ಅದು ಸುಮ್ಮನಿರಲಿಲ್ಲ, ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು ಎಂಬುದು ತಿಳಿಯಿತು. ಪ್ರೋಗ್ರಾಂ ಎಲ್ಲೋ ದಾರಿ ತಪ್ಪುತ್ತಿತ್ತು, ವಾಚ್‌ಡಾಗ್ ಎಂಬ ಕಾವಲು ಟೈಮರ್ ಅದನ್ನು ಪುನಃ ಆರಂಭಿಸುತ್ತಿತ್ತು, ಕೆಲವೇ ನಿಮಿಷಗಳಲ್ಲಿ ಅದು ಮತ್ತೆ ದಾರಿ ತಪ್ಪುತ್ತಿತ್ತು. ತಪ್ಪುವ ಜಾಗ ಪ್ರತಿ ಸಲವೂ ಬೇರೆಯಾಗಿತ್ತು. ಸಾಫ್ಟ್‌ವೇರ್ ದೋಷವಾಗಿದ್ದರೆ ಅದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಕಾಡುತ್ತದೆ. ಹೀಗೆ ಅಲೆದಾಡುವ ದೋಷ ಹೆಚ್ಚಾಗಿ ಮೆಮೊರಿಯದೋ ವಿದ್ಯುತ್ ಪೂರೈಕೆಯದೋ ಆಗಿರುತ್ತದೆ.

ಸ್ಥಳಕ್ಕೆ ಹೋಗಿ, ಒಂದು ಲಾಗರ್‌ನ ಪೆಟ್ಟಿಗೆಯೊಳಗೆ ತಾಪಮಾನ ಅಳೆಯುವ ಥರ್ಮೋಕಪಲ್ ತಂತಿ ಇಳಿಸಿ, ಅದರ ತುದಿಯನ್ನು ಬೋರ್ಡಿಗೆ ತಾಗದಂತೆ ಮೆಮೊರಿ ಚಿಪ್‌ನ ಪಕ್ಕದ ಗಾಳಿಯಲ್ಲಿ ನಿಲ್ಲಿಸಿದೆ. ಹೊರಗೆ ನೆರಳಿನಲ್ಲಿ 43 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪೆಟ್ಟಿಗೆಯೊಳಗೆ 78 ಡಿಗ್ರಿ ಇತ್ತು. ರಾತ್ರಿ ಎರಡು ಗಂಟೆಗೆ ಅದೇ ಪೆಟ್ಟಿಗೆಯ ಒಳಗಿನ ಗಾಳಿ ಹೊರಗಿನದಕ್ಕಿಂತ 9 ಡಿಗ್ರಿಯಷ್ಟೇ ಹೆಚ್ಚು ಬಿಸಿಯಿತ್ತು. ಈ 9 ಡಿಗ್ರಿ ನಮ್ಮ ಬೋರ್ಡು ತಾನೇ ಹೊರಸೂಸುವ ಶಾಖದ ಫಲ. ಹಗಲಿನ 35 ಡಿಗ್ರಿ ಏರಿಕೆಯಲ್ಲಿ ಉಳಿದ 26 ಡಿಗ್ರಿ, ಬೂದು ಬಣ್ಣದ ಮುಚ್ಚಿದ ಪೆಟ್ಟಿಗೆಯ ಮೇಲೆ ನೇರವಾಗಿ ಬೀಳುವ ಬಿಸಿಲಿನ ಕಾಣಿಕೆ. ವಿನ್ಯಾಸದ ಸಮಯದಲ್ಲಿ ನಾನು ಹವಾಮಾನ ಇಲಾಖೆಯ ಗರಿಷ್ಠ ತಾಪಮಾನವನ್ನು ನೋಡಿ, ಅದಕ್ಕೆ 15 ಡಿಗ್ರಿ ಸೇರಿಸಿ ಲೆಕ್ಕ ಮಾಡಿದ್ದೆ. ಆ ತಾಪಮಾನವನ್ನು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಗೂಡಿನಲ್ಲಿ ಅಳೆಯುತ್ತಾರೆ. ನಮ್ಮ ಪೆಟ್ಟಿಗೆಗೆ ನೆರಳೂ ಇರಲಿಲ್ಲ, ಗಾಳಿಯೂ ಇರಲಿಲ್ಲ.

ಹಾಗಿದ್ದರೂ ಬಿಡಿಭಾಗಗಳ ನನ್ನ ಮೂಲ ಪಟ್ಟಿಯ ಪ್ರಕಾರ 78 ಡಿಗ್ರಿ ಅಪಾಯಕಾರಿಯಾಗಬಾರದಿತ್ತು, ಏಕೆಂದರೆ ನಾನು ಆಯ್ದಿದ್ದ ಮೆಮೊರಿ ಚಿಪ್ ಇಂಡಸ್ಟ್ರಿಯಲ್ ಗ್ರೇಡಿನದು, ಅಂದರೆ ಮೈನಸ್ 40ರಿಂದ 85 ಡಿಗ್ರಿಯವರೆಗಿನದು. ಬೋರ್ಡಿನ ಮೇಲೆ ಭೂತಗನ್ನಡಿ ಹಿಡಿದು ಓದಿದಾಗ ಚಿಪ್‌ನ ಸಂಖ್ಯೆಯ ಕೊನೆಯಲ್ಲಿ ಇರಬೇಕಾಗಿದ್ದ I ಅಕ್ಷರ ಇರಲಿಲ್ಲ. ಅದು 0ಯಿಂದ 70 ಡಿಗ್ರಿಯ ಕಮರ್ಷಿಯಲ್ ಗ್ರೇಡ್. ಖರೀದಿ ವಿಭಾಗದ ಸಹೋದ್ಯೋಗಿಯನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಸರ್, ನೀವು ಕೊಟ್ಟ ಪಾರ್ಟ್ ಬರಲು ಹದಿನಾಲ್ಕು ವಾರ ಆಗುತ್ತದೆ ಎಂದರು. ಇದು ಸ್ಟಾಕ್‌ನಲ್ಲಿತ್ತು, ಪಿನ್ನು, ಸೈಜು, ಸ್ಪೀಡು ಎಲ್ಲ ಒಂದೇ. ಡೇಟಾಶೀಟ್‌ನಲ್ಲಿ 150 ಡಿಗ್ರಿ ಎಂದೂ ಬರೆದಿದೆಯಲ್ಲ!" ಅವರು ತೋರಿಸಿದ್ದು ಶೇಖರಣಾ ತಾಪಮಾನದ ಸಾಲನ್ನು. ವಿದ್ಯುತ್ ಇಲ್ಲದೆ ಗೋದಾಮಿನಲ್ಲಿ ಇಟ್ಟಾಗ ಚಿಪ್ ಹಾಳಾಗದೆ ಉಳಿಯುವ ಮಿತಿ ಅದು. ಕೆಲಸ ಮಾಡುವ ಮಿತಿಯಲ್ಲ. ಆ ಸಾಲು ಡೇಟಾಶೀಟಿನ 'ಪರಮಾವಧಿ ಮಿತಿ'ಗಳ ಕೋಷ್ಟಕದಲ್ಲಿ ಮೊದಲೇ ಸಿಗುತ್ತದೆ, ಕೆಲಸದ ಮಿತಿ ಇರುವ ಕೋಷ್ಟಕ ಅದರ ನಂತರ ಬರುತ್ತದೆ. ಅವರನ್ನು ದೂರುವುದರಲ್ಲಿ ಅರ್ಥವಿರಲಿಲ್ಲ: ಆ I ಏಕೆ ಬೇಕು ಎಂದು ನನ್ನ ಪಟ್ಟಿಯಲ್ಲಿ ನಾನು ಎಲ್ಲಿಯೂ ಬರೆದಿರಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿದಿತ್ತು. 40 ಲಾಗರ್‌ಗಳಲ್ಲೂ ಅದೇ ಕಮರ್ಷಿಯಲ್ ಚಿಪ್ ಇದ್ದಾಗ ಆರು ಮಾತ್ರ ಏಕೆ ಸೋತವು? ದೋಷವಿದ್ದ ಎರಡು ಬೋರ್ಡು, ದೋಷವಿಲ್ಲದ ಎರಡು ಬೋರ್ಡುಗಳನ್ನು ಥರ್ಮಲ್ ಚೇಂಬರ್‌ನಲ್ಲಿಟ್ಟು, ಮೆಮೊರಿಯ ತುಂಬ ಗೊತ್ತಿರುವ ಬಿಟ್‌ಗಳ ಮಾದರಿಯನ್ನು ಬರೆದು, ಸ್ವಲ್ಪ ಕಾಯಿಸಿ, ಮರಳಿ ಓದಿ ಹೋಲಿಸುವ ಒಂದು ಸಣ್ಣ ಪ್ರೋಗ್ರಾಂ ಓಡಿಸಿದೆ. 70 ಡಿಗ್ರಿಯಲ್ಲಿ ನಾಲ್ಕೂ ಶುದ್ಧ. 76 ಡಿಗ್ರಿ ತಲುಪಿದಾಗ ದೋಷವಿದ್ದ ಎರಡು ಬೋರ್ಡುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ಬದಲಾಗತೊಡಗಿತು. ಇನ್ನೆರಡು ಬೋರ್ಡುಗಳು 85 ಡಿಗ್ರಿಯಲ್ಲೂ ಒಂದು ತಪ್ಪನ್ನೂ ಮಾಡಲಿಲ್ಲ.

ಈ ಮೆಮೊರಿ ಡೈನಾಮಿಕ್ ರಾಮ್ ಜಾತಿಯದು. ಅದರ ಪ್ರತಿ ಬಿಟ್ ಒಂದು ಅತಿ ಸಣ್ಣ ಕೆಪಾಸಿಟರ್‌ನಲ್ಲಿ ನಿಂತ ವಿದ್ಯುದಂಶ. ತೂತು ಬಿದ್ದ ಕೊಡದೊಳಗಿನ ನೀರಿನಂತೆ ಅದು ಸದಾ ಸೋರುತ್ತಿರುತ್ತದೆ, ಆದ್ದರಿಂದ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತೇವೆ. ತಾಪಮಾನ ಏರಿದಂತೆ ಸೋರಿಕೆ ವೇಗವಾಗಿ ಹೆಚ್ಚುತ್ತದೆ. ಕೋಟ್ಯಂತರ ಕೋಶಗಳಲ್ಲಿ ಬಹುಪಾಲು ಗಟ್ಟಿಯಾಗಿರುತ್ತವೆ. ಚಿಪ್ ಸೋಲುವುದು ಅತಿ ದುರ್ಬಲವಾದ ಕೆಲವೇ ಕೋಶಗಳಿಂದ. ಆ ದುರ್ಬಲ ಕೋಶಗಳು ಎಷ್ಟು ದುರ್ಬಲ ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ. ನನ್ನ ಊಹೆಯನ್ನು ಖಚಿತಪಡಿಸಿಕೊಳ್ಳಲು ಪ್ರೋಗ್ರಾಂನಲ್ಲಿ ರಿಫ್ರೆಶ್ ಅವಧಿಯನ್ನು 64ರಿಂದ 32 ಮಿಲಿಸೆಕೆಂಡಿಗೆ ಇಳಿಸಿದೆ. ಅದೇ ಬೋರ್ಡು, ಅದೇ 76 ಡಿಗ್ರಿ: ತಪ್ಪುಗಳು ನಿಂತುಹೋದವು. ರೋಗ ಯಾವುದೆಂಬ ಬಗ್ಗೆ ಆಮೇಲೆ ನನಗೆ ಸಂದೇಹ ಉಳಿಯಲಿಲ್ಲ. ಡಿಡಿಆರ್3 ಮೆಮೊರಿಗಳಲ್ಲಿ ಕವಚದ ತಾಪಮಾನ 85 ಡಿಗ್ರಿ ಮೀರಿದರೆ ರಿಫ್ರೆಶ್ ಅನ್ನು ಇಮ್ಮಡಿಗೊಳಿಸಬೇಕೆಂದು ಮಾನದಂಡವೇ ಹೇಳುವುದು ಇದೇ ಕಾರಣಕ್ಕೆ.

ಕಮರ್ಷಿಯಲ್ ಮತ್ತು ಇಂಡಸ್ಟ್ರಿಯಲ್ ಗ್ರೇಡ್‌ಗಳ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಚೇಂಬರ್‌ನ ಮುಂದೆ. ಅನೇಕ ಉತ್ಪನ್ನಗಳಲ್ಲಿ ಎರಡೂ ಗ್ರೇಡ್‌ಗಳ ಒಳಗಿನ ಸಿಲಿಕಾನ್ ಒಂದೇ ಆಗಿರುತ್ತದೆ. ಯಾವ ತಾಪಮಾನದವರೆಗೆ ಪರೀಕ್ಷಿಸಿ, ಯಾವ ಮಿತಿಯೊಳಗೆ ತಯಾರಕರು ಹೊಣೆ ಹೊರುತ್ತಾರೆ ಎಂಬುದಷ್ಟೇ ಬೇರೆ. 70 ಡಿಗ್ರಿ ಎಂದರೆ 71ಕ್ಕೆ ಚಿಪ್ ಸುಡುತ್ತದೆ ಎಂದಲ್ಲ. ಡೇಟಾಶೀಟಿನ ಕನಿಷ್ಠ ಮತ್ತು ಗರಿಷ್ಠ ಕಾಲಂಗಳಲ್ಲಿರುವ ಒಂದೊಂದು ಅಂಕಿಯೂ 70ರ ನಂತರ ಭರವಸೆಯಲ್ಲ ಎಂದು. ಹೀಗಾಗಿ, "ನಾವು ಹತ್ತು ಪೀಸ್ ತಂದು 80 ಡಿಗ್ರಿಯಲ್ಲಿ ಓಡಿಸಿ ನೋಡಿದ್ದೇವೆ, ಏನೂ ಆಗಲಿಲ್ಲ" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಕೈಗೆ ಆ ಹತ್ತು ಪೀಸ್‌ಗಳ ಜಾಗದಲ್ಲಿ ಗಟ್ಟಿಯಾದ 34ರಲ್ಲಿ ಹತ್ತು ಬಂದಿದ್ದರೆ ನಮಗೂ ಏನೂ ಕಾಣುತ್ತಿರಲಿಲ್ಲ. ರಿಫ್ರೆಶ್ ಇಮ್ಮಡಿಗೊಳಿಸಿದ ಪ್ರೋಗ್ರಾಂ ಅನ್ನು ಆರೂ ಲಾಗರ್‌ಗಳಿಗೆ ತಾತ್ಕಾಲಿಕವಾಗಿ ಕಳುಹಿಸಿದೆವು, ಆದರೆ ಅದನ್ನು ಪರಿಹಾರವೆಂದು ಕರೆಯಲು ಮನಸ್ಸು ಒಪ್ಪಲಿಲ್ಲ. ಸೋರಿಕೆ ಒಂದನ್ನು ಅದು ಸರಿದೂಗಿಸುತ್ತದೆ. 70ರ ಆಚೆ ಸಿಗ್ನಲ್‌ಗಳ ಸಮಯ ಮಿತಿಯೊಳಗೇ ಇದೆಯೇ ಎಂಬುದಕ್ಕೆ ಅದು ಉತ್ತರವಲ್ಲ.

ಲಾಗರ್‌ಗಳ ಮುಂದಿನ ಬ್ಯಾಚ್‌ಗೆ ಪಟ್ಟಿ ಪರಿಶೀಲಿಸುವಾಗ ಅಕ್ಷರಗಳ ಗೊಂದಲ ಇನ್ನಷ್ಟು ಕಾಣಿಸಿತು. ಎಲ್ಲ ತಯಾರಕರಿಗೂ ಒಂದೇ ಸಂಕೇತ ಇಲ್ಲ. ನಾವು ಬಳಸುವ ಆರ್‌ಎಸ್-485 ಸಂವಹನ ಚಿಪ್‌ನಲ್ಲಿ MAX485CSA ಎಂದರೆ 0ಯಿಂದ 70, MAX485ESA ಎಂದರೆ ಮೈನಸ್ 40ರಿಂದ 85. ಇಲ್ಲಿ E ಎಂದರೆ 85 ಡಿಗ್ರಿ. ಆದರೆ ಮೈಕ್ರೋಕಂಟ್ರೋಲರ್ PIC16F877A-E/P ಎಂಬಲ್ಲಿ ಅದೇ E ಎಂದರೆ 125 ಡಿಗ್ರಿ, 85ರದ್ದಕ್ಕೆ I. ಗಡಿಯಾರದ ಚಿಪ್ DS1307Z ಕಮರ್ಷಿಯಲ್, DS1307ZN ಇಂಡಸ್ಟ್ರಿಯಲ್. ಹಳೆಯ ಆಪ್-ಆಂಪ್‌ಗಳಲ್ಲಂತೂ ಅಕ್ಷರವೇ ಇಲ್ಲ, ಅಂಕಿಯೇ ಗ್ರೇಡ್: LM358 0ಯಿಂದ 70ರದ್ದು, LM158 ಮೈನಸ್ 55ರಿಂದ 125ರದ್ದು. ಆದ್ದರಿಂದ ಈಗ ನಾನು ಪಟ್ಟಿಯಲ್ಲಿ ಪೂರ್ಣ ಸಂಖ್ಯೆಯ ಪಕ್ಕದಲ್ಲಿ ಬೇಕಾದ ತಾಪಮಾನವನ್ನು ಅಂಕಿಗಳಲ್ಲೇ ಬರೆಯುತ್ತೇನೆ, ಬದಲಿ ಹುಡುಕುವವರು ಅಕ್ಷರವನ್ನು ಊಹಿಸಬೇಕಾಗಿ ಬರುವುದಿಲ್ಲ.

ಇನ್ನೊಂದು ಎಡವುವ ಜಾಗ, ಆ ತಾಪಮಾನ ಎಲ್ಲಿಯದು ಎಂಬುದು. ಮೆಮೊರಿಯ ಡೇಟಾಶೀಟ್ ಹೇಳಿದ್ದು ಚಿಪ್‌ನ ಸುತ್ತಲಿನ ಗಾಳಿಯ ತಾಪಮಾನ. ಆರ್ಟಿಕ್ಸ್-7 ಎಫ್‌ಪಿಜಿಎಗಳಲ್ಲಿ ಕಮರ್ಷಿಯಲ್ ಗ್ರೇಡಿನ ಮೇಲ್ಮಿತಿ 85, ಇಂಡಸ್ಟ್ರಿಯಲ್‌ನದು 100. ಆದರೆ ಅವು ಜಂಕ್ಷನ್ ತಾಪಮಾನಗಳು, ಅಂದರೆ ಸಿಲಿಕಾನ್‌ನ ಒಳಗಿನವು. ಆ 85ನ್ನು ಗಾಳಿಯ 85 ಎಂದು ಓದಿದವರಿಗೆ ಕಮರ್ಷಿಯಲ್ ಚಿಪ್ಪೇ ಸಾಕೆನಿಸಿಬಿಡುತ್ತದೆ. ಜಂಕ್ಷನ್ ತಾಪಮಾನ Tj, ಗಾಳಿಯದು Ta, ಚಿಪ್‌ನಲ್ಲಿ ಶಾಖವಾಗುವ ವಿದ್ಯುತ್ P, ಉಷ್ಣರೋಧ θJA ಎಂದಾದರೆ ಎರಡರ ನಡುವಿನ ಸಂಬಂಧ ಸರಳ:

```
Tj = Ta + P × θJA
```

ನಮ್ಮ ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್ 5 ವೋಲ್ಟನ್ನು 3.3ಕ್ಕೆ ಇಳಿಸಿ 0.25 ಆಂಪಿಯರ್ ಕೊಡುತ್ತದೆ. ಅಲ್ಲಿ ಶಾಖವಾಗುವುದು 1.7 × 0.25, ಅಂದರೆ 0.425 ವ್ಯಾಟ್. ನಮ್ಮ ಬೋರ್ಡಿನ ತಾಮ್ರದ ಮೇಲೆ ಅದರ ಉಷ್ಣರೋಧ ವ್ಯಾಟ್‌ಗೆ ಸುಮಾರು 60 ಡಿಗ್ರಿ. ಹಾಗಾಗಿ 78 ಡಿಗ್ರಿ ಗಾಳಿಯಲ್ಲಿ ಜಂಕ್ಷನ್ ಸುಮಾರು 103 ಡಿಗ್ರಿ ಆಗುತ್ತದೆ. ಅದರ ಮಿತಿ 125, ಆದ್ದರಿಂದ ಅಲ್ಲಿ ಬದಲಾವಣೆ ಬೇಕಾಗಲಿಲ್ಲ. ಅದೇ ರೆಗ್ಯುಲೇಟರ್‌ಗೆ 5ರ ಬದಲು 12 ವೋಲ್ಟ್ ಕೊಟ್ಟಿದ್ದರೆ ಶಾಖ 2.2 ವ್ಯಾಟ್‌ಗೆ ಏರಿ, ಯಾವ ಗ್ರೇಡೂ ಅದನ್ನು ಉಳಿಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದೆವು. ಪ್ರತಿ ಪೆಟ್ಟಿಗೆಯ ಮೇಲೆ, ನಡುವೆ ನಾಲ್ಕು ಬೆರಳು ಗಾಳಿ ಬಿಟ್ಟು, ಬಿಳಿ ಬಣ್ಣ ಬಳಿದ ತಗಡಿನ ನೆರಳು ಕಟ್ಟಿಸಿದೆವು. 43 ಡಿಗ್ರಿಯ ಇನ್ನೊಂದು ಮಧ್ಯಾಹ್ನ ಒಳಗಿನ ಗಾಳಿ 61ಕ್ಕಿಂತ ಮೇಲೇರಲಿಲ್ಲ. ಜೊತೆಗೆ I ಅಕ್ಷರದ ಚಿಪ್ ಬಂದಂತೆಲ್ಲ ಬೋರ್ಡುಗಳನ್ನು ಬದಲಿಸಿದೆವು, ದೋಷ ಕಾಣದ 34ನ್ನೂ ಸೇರಿಸಿ. 61 ಡಿಗ್ರಿ 70ಕ್ಕಿಂತ ಕೆಳಗೇ ಇದೆಯಲ್ಲ, ತಗಡೊಂದೇ ಸಾಲದೇ ಎಂದು ವ್ಯವಸ್ಥಾಪಕರು ಕೇಳಿದರು. ಗಾಳಿಗೆ ಒಂದು ತಗಡು ಹಾರಿಹೋದ ದಿನ ಆ ಲೆಕ್ಕ ಏನಾಗುತ್ತದೆ ಎಂದು ನಾನು ಕೇಳಿದೆ. ಜೂನ್‌ನ ಮೊದಲ ಬಿರುಗಾಳಿಗೆ ಎರಡು ತಗಡುಗಳು ನಿಜವಾಗಿಯೂ ಹಾರಿಹೋದವು.

ಬೋರ್ಡು ಬದಲಿಸುವಾಗಲೇ ಗಡಿಯಾರದ ಚಿಪ್‌ಗೆ ಜೋಡಿಸಿದ್ದ CR2032 ಸೆಲ್ ಕಣ್ಣಿಗೆ ಬಿತ್ತು. ನಾವು ಬಳಸಿದ್ದ ಸೆಲ್‌ನ ಮೇಲ್ಮಿತಿ 60 ಡಿಗ್ರಿ. ಎಲ್ಲ ಚಿಪ್‌ಗಳ ಅಕ್ಷರಗಳನ್ನು ಒಂದೊಂದಾಗಿ ಪರಿಶೀಲಿಸಿದ ನಾನು, ಚಿಪ್ಪಲ್ಲದ ಆ ಒಂದು ವಸ್ತುವಿನ ಡೇಟಾಶೀಟನ್ನು ತೆರೆದೇ ಇರಲಿಲ್ಲ. ಹೆಚ್ಚು ತಾಪಮಾನ ತಾಳುವ ಸೆಲ್‌ಗೆ ಬದಲಾಯಿಸಲು ಇನ್ನೊಮ್ಮೆ 40 ಪೆಟ್ಟಿಗೆಗಳನ್ನು ತೆರೆಯಬೇಕಾಯಿತು.