ಹಳೇ ಪೇಪರ್ ಲಾಗ್: ಮ್ಯಾಗ್‌ಸಲ್ಫ್ ಪ್ರಶ್ನೆಗಳು

ಈ ವಾರ ನರ್ಸಿಂಗ್ ಪರೀಕ್ಷೆಯ ಹಳೇ ಪೇಪರ್‌ಗಳಲ್ಲಿ ಓಬಿಜಿ, ಅಂದ್ರೆ ಹೆರಿಗೆ ವಿಭಾಗದ ಸಿನಾರಿಯೋಗಳನ್ನ ಹಿಡ್ಕೊಂಡಿದೀನಿ. ಮಾಡೋ ಕ್ರಮ ಹಿಂದಿನದೇ, ಆಪ್ಷನ್‌ಗಳನ್ನ ಕೈಯಲ್ಲಿ ಮುಚ್ಚಿಟ್ಟು ಮೊದ್ಲು ಒಂದೇ ಸಾಲು ಬರೀತೀನಿ: ಈ ಪೇಷೆಂಟ್‌ಗೆ ಈಗ ಜೀವಕ್ಕೆ ಅಪಾಯ ಯಾವುದರಿಂದ, ಅದು ಇನ್ನೂ ಒಳಗೆ ಹೋಗ್ತಾ ಇದೆಯಾ? ಆಮೇಲೇ ಆಪ್ಷನ್ ನೋಡೋದು.

ಜಾಸ್ತಿ ಹೊತ್ತು ಕೂತಿದ್ದು ಒಂದೇ ಕೇಸ್ ಮೇಲೆ. ತೀವ್ರ ಪ್ರಿಎಕ್ಲಾಂಪ್ಸಿಯಾ ಇರೋ ಗರ್ಭಿಣಿ, ಮ್ಯಾಗ್ನೀಷಿಯಂ ಸಲ್ಫೇಟ್ 4 ಗ್ರಾಂ ಲೋಡಿಂಗ್ ಡೋಸ್ ಆಗಿ ಗಂಟೆಗೆ 1 ಗ್ರಾಂ ಡ್ರಿಪ್ ಓಡ್ತಾ ಇದೆ. ಈಗ ಬಿಪಿ 150/100, ಉಸಿರಾಟ ನಿಮಿಷಕ್ಕೆ 10, ಮಂಡಿ ತಟ್ಟಿದ್ರೆ ನೀ ಜರ್ಕ್ ಬರ್ತಿಲ್ಲ, ಕಳೆದ ಗಂಟೆಲಿ ಯೂರಿನ್ 20 ಎಂಎಲ್. ನರ್ಸ್ ಮೊದಲು ಏನ್ ಮಾಡ್ಬೇಕು? ಆಪ್ಷನ್‌ಗಳು: ಡಾಕ್ಟರ್‌ಗೆ ತಿಳಿಸೋದು, ಬಿಪಿ ಔಷಧಿ ರೆಡಿ ಮಾಡೋದು, ಡ್ರಿಪ್ ನಿಲ್ಲಿಸೋದು, ಕ್ಯಾಲ್ಸಿಯಂ ಗ್ಲುಕೋನೇಟ್ ತರೋದು.

ಓದಿದ ತಕ್ಷಣ ಕಣ್ಣು ಬಿಪಿ ಮೇಲೇ ಹೋಗತ್ತೆ, ಪ್ರಶ್ನೆ ಬರೆದೋರು ಅದಕ್ಕೇ ಅದನ್ನ ಮೊದಲು ಇಟ್ಟಿರೋದು ಅನ್ಸತ್ತೆ. ಆದ್ರೆ ಮ್ಯಾಗ್‌ಸಲ್ಫ್ ಕೊಡ್ತಿರೋದು ಬಿಪಿ ಇಳಿಸೋಕಲ್ಲ, ಫಿಟ್ಸ್ ಬರದ ಹಾಗೆ ನೋಡ್ಕೊಳ್ಳೋಕೆ. ಉಳಿದ ಮೂರು ನಂಬರ್ ಒಟ್ಟಿಗೆ ಇಟ್ಟು ನೋಡಿದ್ರೆ ಕಥೆ ಸ್ಪಷ್ಟ ಆಗತ್ತೆ. ಮ್ಯಾಗ್ನೀಷಿಯಂ ಹೊರಗೆ ಹೋಗೋ ದಾರಿ ಕಿಡ್ನಿ ಒಂದೇ, ಯೂರಿನ್ ಗಂಟೆಗೆ 30 ಎಂಎಲ್‌ಗಿಂತ ಕೆಳಗೆ ಬಂತು ಅಂದ್ರೆ ಅದೇ 1 ಗ್ರಾಂ ರೇಟ್ ಕೂಡ ರಕ್ತದಲ್ಲಿ ಸೇರ್ಕೊಳ್ತಾ ಹೋಗತ್ತೆ, ಪಂಪ್ ಸರಿಯಾಗೇ ಓಡ್ತಿದ್ರೂ. ಜಾಸ್ತಿ ಆದಾಗ ಸಾಮಾನ್ಯವಾಗಿ ಮೊದ್ಲು ಹೋಗೋದು ನೀ ಜರ್ಕ್, ಆಮೇಲೆ ಉಸಿರಾಟ, ಕೊನೆಗೆ ಹೃದಯ. ಈ ಪೇಷೆಂಟ್ ಎರಡನೇ ಮೆಟ್ಟಿಲಿಗೆ ಬಂದಾಗಿದೆ.

ಹಾಗಾಗಿ ಉತ್ತರ ಡ್ರಿಪ್ ನಿಲ್ಲಿಸೋದು. ಕ್ಯಾಲ್ಸಿಯಂ ಗ್ಲುಕೋನೇಟ್ ತಪ್ಪು ಅಲ್ಲ, ಅದೇ ಆಂಟಿಡೋಟ್, 10% ಇರೋದು 10 ಎಂಎಲ್ ಅಂದ್ರೆ 1 ಗ್ರಾಂ, ಐವಿಲಿ ನಿಧಾನವಾಗಿ ಕೊಡೋದು. ಆದ್ರೆ ಅದನ್ನ ತಂದು ಸಿರಿಂಜ್‌ಗೆ ಎಳೆಯೋ ಅಷ್ಟೊತ್ತೂ ಪಂಪ್ ಮ್ಯಾಗ್ನೀಷಿಯಂ ಒಳಗೆ ಹಾಕ್ತಾನೇ ಇರತ್ತೆ. ಡಾಕ್ಟರ್‌ಗೆ ಫೋನ್ ಮಾಡೋ ಆಪ್ಷನ್‌ಗೂ ಇದೇ ಮಾತು. ಡ್ರಿಪ್ ನಿಲ್ಲಿಸೋಕೆ ಬೇಕಾಗಿರೋದು ಒಂದು ಬೆರಳು, ಒಂದು ಸೆಕೆಂಡ್. ನಿಲ್ಲಿಸಿ, ಪಕ್ಕದಲ್ಲೇ ನಿಂತು ಸಹಾಯಕ್ಕೆ ಕೂಗಿ, ಆಕ್ಸಿಜನ್ ಹಾಕಿ, ಆಂಬು ಬ್ಯಾಗ್ ಕೈಗೆಟುಕೋ ಹಾಗೆ ಇಟ್ಕೊಂಡು, ಡಾಕ್ಟರ್ ಬಂದು ಕ್ಯಾಲ್ಸಿಯಂ ಕೊಟ್ಟ ಮೇಲೂ ಉಸಿರಾಟ ಎಣಿಸ್ತಾ ಇರ್ಬೇಕು, ಯಾಕಂದ್ರೆ ಕ್ಯಾಲ್ಸಿಯಂ ಕೆಲ್ಸ ಬೇಗ ಮುಗಿದುಹೋಗಬಹುದು, ಕಿಡ್ನಿ ಮಾತ್ರ ಇನ್ನೂ ನಿಧಾನವಾಗೇ ಇರತ್ತೆ.

ಇನ್ನೊಂದು ಪೇಪರ್‌ನಲ್ಲಿ ಇದರದ್ದೇ ಬೇರೆ ರೂಪ ಸಿಕ್ತು, ನನಗೆ ಇದು ಇನ್ನೂ ಇಷ್ಟ ಆಯ್ತು. ಇಲ್ಲಿ ಡ್ರಿಪ್ ಇಲ್ಲ, ನಾಲ್ಕು ಗಂಟೆಗೊಮ್ಮೆ 5 ಗ್ರಾಂ ಐಎಂ. ಮುಂದಿನ ಡೋಸ್ ಟೈಮ್ ಆಗಿದೆ, ನೀ ಜರ್ಕ್ ಇದೆ, ಉಸಿರಾಟ 18, ಆದ್ರೆ ನಾಲ್ಕು ಗಂಟೆಲಿ ಒಟ್ಟು ಯೂರಿನ್ 60 ಎಂಎಲ್. ಎರಡು ಸರಿ ಇದೆ, ಒಂದು ಸರಿ ಇಲ್ಲ, ಕೊಡ್ಬೇಕಾ ಬೇಡ್ವಾ? ಬೇಡ. ಮೂರೂ ಸರಿ ಇದ್ರೆ ಮಾತ್ರ ಡೋಸ್. ಡ್ರಿಪ್ ಆದ್ರೆ ಆಮೇಲೂ ನಿಲ್ಲಿಸಬಹುದು, ಪೃಷ್ಠದ ಮಾಂಸಖಂಡಕ್ಕೆ ಒಮ್ಮೆ ಹೋದ 5 ಗ್ರಾಂನ ವಾಪಸ್ ಎಳೆಯೋಕಾಗಲ್ಲ, ಅದು ಗಂಟೆಗಟ್ಲೆ ರಕ್ತಕ್ಕೆ ಸೇರ್ತಾನೇ ಇರತ್ತೆ. ಹಾಗಾಗಿ ಇಂಜೆಕ್ಷನ್‌ಗೆ ಮುಂಚಿನ ಆ ಚೆಕ್ ಒಂದೇ ನಮ್ಮ ಕೈಲಿರೋ ಬ್ರೇಕ್. ಡೋಸ್ ತಡೆದು, ಕ್ಯಾಥೆಟರ್ ಟ್ಯೂಬ್ ಎಲ್ಲಾದ್ರೂ ಮಡಚಿದ್ಯಾ, ಪೇಷೆಂಟ್ ಅದರ ಮೇಲೆ ಮಲಗಿದಾರಾ ಅಂತ ನೋಡಿ, ಡಾಕ್ಟರ್‌ಗೆ ಹೇಳೋದು. ಸುಮ್ನೆ ಡೋಸ್ ಬಿಟ್ಟು ಯಾರಿಗೂ ಹೇಳದೇ ಇರೋದೂ ಅಪಾಯನೇ, ಫಿಟ್ಸ್ ಭಯ ಹಾಗೇ ಇದೆಯಲ್ಲ.

ಮಾರ್ಜಿನ್‌ನಲ್ಲಿ ಒಂದು ಗುರುತು ಹಾಕ್ಕೊಂಡಿದೀನಿ: ಪ್ರಶ್ನೇಲಿ ಎಪಿಡ್ಯೂರಲ್ ಅಂತ ಕಂಡ್ರೆ ನೀ ಜರ್ಕ್ ನಂಬೋ ಹಾಗಿಲ್ಲ, ಕಾಲಿನ ರಿಫ್ಲೆಕ್ಸ್ ಆ ಮದ್ದಿಂದಲೇ ಮಂಕಾಗಿರಬಹುದು, ಕೈಯಲ್ಲಿ ಬೈಸೆಪ್ಸ್ ರಿಫ್ಲೆಕ್ಸ್ ನೋಡ್ಬೇಕು.

ಮುಂದಿನ ವಾರ ಬ್ಲಡ್ ಟ್ರಾನ್ಸ್‌ಫ್ಯೂಷನ್ ರಿಯಾಕ್ಷನ್ ಪ್ರಶ್ನೆಗಳು. ಅಲ್ಲೂ ಮೊದ್ಲು ನಿಲ್ಲಿಸೋದೇ, ಆದ್ರೆ ಹಳೇ ಟ್ಯೂಬಲ್ಲೇ ಸಲೈನ್ ಬಿಟ್ರೆ ಟ್ಯೂಬಲ್ಲಿ ಉಳಿದ ರಕ್ತವೂ ಒಳಗೆ ಹೋಗತ್ತೆ, ಹೊಸ ಸೆಟ್ ಹಾಕ್ಬೇಕು, ಅಲ್ಲಿಂದ ಶುರು ಮಾಡ್ತೀನಿ.