ಬೀಳ್ಕೊಡುಗೆ ಭಾಷಣಕ್ಕೆ ನುಡಿಮುತ್ತು ಬೇಕೇ ಬೇಕಾ?

"ಮೇಡಂ, ಬೀಳ್ಕೊಡುಗೆ ದಿನ ಇಡೀ ಬ್ಯಾಚ್ ಪರವಾಗಿ ನಾನು ಮಾತಾಡಬೇಕಂತೆ. ದೊಡ್ಡವರು ಹೇಳಿದ ಮಾತು ಒಂದೂ ಹಾಕದೆ ಭಾಷಣ ಬರೆಯೋದು ಹೇಗೆ?"

ಮೊದಲು ನಿಮ್ಮ ಕರಡಿನಲ್ಲಿ ಆ ನುಡಿಮುತ್ತುಗಳು ಎಲ್ಲೆಲ್ಲಿ ಕೂತಿವೆ ಅಂತ ನೋಡಿ. ನಾನು ತಿದ್ದಿಕೊಟ್ಟ ಭಾಷಣಗಳಲ್ಲೆಲ್ಲ ಅವು ಹೆಚ್ಚುಕಡಿಮೆ ಅದೇ ಮೂರು ಜಾಗದಲ್ಲಿ ಇರುತ್ತವೆ: ಶುರುವಿನಲ್ಲಿ, ಕೊನೆಯಲ್ಲಿ, ಮತ್ತೆ ಥ್ಯಾಂಕ್ಸ್ ಹೇಳಿ ಮುಗಿಸಿ ಮುಂದಿನ ದಿನಗಳ ಮಾತಿಗೆ ಹೊರಳುವ ಕಡೆ. ಈ ಮೂರೂ ಕಡೆ ಬರೆಯುವವರಿಗೆ ಏನು ಹೇಳಬೇಕು ಅಂತ ತೋಚಿರುವುದಿಲ್ಲ. ತಮ್ಮ ಮಾತು ಸಿಗದ ಕಡೆ ಬೇರೆಯವರ ಮಾತು ಬಂದು ಕೂರುತ್ತದೆ, ಅಷ್ಟೆ. ಅದನ್ನು ಸುಮ್ನೆ ಅಳಿಸಿದರೆ ಸಾಲದು. ಆ ಜಾಗದಲ್ಲಿ ಏನು ಹೇಳಬೇಕಿತ್ತು ಅನ್ನುವುದನ್ನು ಹುಡುಕಬೇಕು.

ಇನ್ನೊಂದು ವಿಷಯ. ಗಾಂಧೀಜಿ, ಐನ್‌ಸ್ಟೈನ್ ಹೆಸರಲ್ಲಿ ಓಡಾಡುವ ಎಷ್ಟೋ ಮಾತುಗಳು ಅವರು ಹೇಳಿದ್ದೇ ಅಲ್ಲ. ಸಭೆಯಲ್ಲಿ ಕೂತವರಲ್ಲಿ ಅದು ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಒಬ್ಬಳು ಹುಡುಗಿ ತಂದಿದ್ದ ಕರಡಿನಲ್ಲಿ ಕೃತಜ್ಞತೆಯ ಭಾಗ ಹೀಗಿತ್ತು: "ವಿದ್ಯೆಯ ಬೆಳಕು ನೀಡಿ ನಮ್ಮ ಬಾಳನ್ನು ಬೆಳಗಿದ ಗುರುವೃಂದಕ್ಕೆ ಅನಂತ ವಂದನೆಗಳು." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ವಾಕ್ಯವನ್ನು ಯಾವ ಶಾಲೆಯಲ್ಲಿ, ಯಾವ ವರ್ಷ ಓದಿದರೂ ನಡೆಯುತ್ತದೆ. ಕೇಳುತ್ತಾ ಕೂತ ಮೇಷ್ಟ್ರಿಗೆ ಇದು ನನಗೇ ಹೇಳಿದ್ದು ಅಂತ ಅನ್ನಿಸುವುದಿಲ್ಲ. ಹಾಗಾಗಿ ನಾನು ಅವಳನ್ನು ಕೇಳಿದೆ: "ಯಾರು? ಏನು ಮಾಡಿದರು? ಅದರಿಂದ ನಿಮ್ಮ ಕ್ಲಾಸಿಗೆ ಏನಾಯಿತು?"

ಸ್ವಲ್ಪ ಹೊತ್ತು ಯೋಚಿಸಿ ಗಣಿತದ ಮೇಷ್ಟ್ರ ಬಗ್ಗೆ ಹೇಳಿದಳು. ಅವರು ಉತ್ತರಪತ್ರಿಕೆ ನೋಡುವಾಗ ತಪ್ಪು ಲೆಕ್ಕದ ಮೇಲೆ ಅಡ್ಡಗೆರೆ ಎಳೆಯುತ್ತಿರಲಿಲ್ಲವಂತೆ. ಯಾವ ಹೆಜ್ಜೆಯವರೆಗೆ ಲೆಕ್ಕ ಸರಿಯಿದೆಯೋ ಅದರ ಕೆಳಗೆ ಒಂದು ಸಣ್ಣ ಗೆರೆ. ಪಕ್ಕದಲ್ಲಿ "ಇಲ್ಲಿವರೆಗೆ ಸರಿ" ಅಂತ ಬರೆದು, ಅಷ್ಟಕ್ಕೆ ಅಂಕ ಕೊಡುತ್ತಿದ್ದರು. ಪೇಪರ್ ಕೈಗೆ ಬಂದ ಕೂಡಲೇ ಎಲ್ಲರೂ ಒಟ್ಟು ಅಂಕ ನೋಡುವ ಮೊದಲು ಆ ಗೆರೆ ಎಲ್ಲಿದೆ ಅಂತ ಹುಡುಕುತ್ತಿದ್ದರಂತೆ.

"ಇದನ್ನೇ ಬರಿ" ಅಂದೆ. ಅವಳು ಬರೆದದ್ದು ಹೀಗೆ: "ನಮ್ಮ ಗಣಿತದ ಸರ್ ನಮ್ಮ ತಪ್ಪಿನ ಮೇಲೆ ಯಾವತ್ತೂ ಗೆರೆ ಹಾಕಲಿಲ್ಲ. ಎಲ್ಲಿವರೆಗೆ ಸರಿ ಇತ್ತೋ ಅಲ್ಲಿ ಹಾಕಿದರು. ಲೆಕ್ಕಕ್ಕೆ ಹೆದರುತ್ತಿದ್ದ ನಾವು ಅರ್ಧ ಗೊತ್ತಿದ್ದರೂ ಬರೆಯೋಣ ಅಂತ ಪೆನ್ನು ತೆಗೆದದ್ದು ಅದರಿಂದ. ಥ್ಯಾಂಕ್ಯೂ ಸರ್." ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ?

ಈಗ ಥ್ಯಾಂಕ್ಸ್ ಮುಗಿಸಿ ಮುಂದಿನ ದಿನಗಳ ಮಾತಿಗೆ ಹೊರಳುವ ಆ ಕಷ್ಟದ ತಿರುವಿಗೆ ಬರೋಣ. ಅವಳ ಕರಡಿನಲ್ಲಿ ಅಲ್ಲಿ ಕನಸು ಕಾಣುವ ಬಗ್ಗೆ ಒಂದು ಪ್ರಸಿದ್ಧ ಮಾತಿತ್ತು. ಅದಾದ ಮೇಲೆ ನಾವೆಲ್ಲ ಗುರಿ ಮುಟ್ಟೇ ಮುಟ್ಟುತ್ತೇವೆ ಅನ್ನುವ ಭರವಸೆ. ಆ ಭರವಸೆ ಎಲ್ಲಿಂದ ಬಂತು ಅನ್ನುವುದಕ್ಕೆ ಭಾಷಣದಲ್ಲಿ ಯಾವ ಆಧಾರವೂ ಇರಲಿಲ್ಲ. ನನ್ನ ಪ್ರಕಾರ ಈ ಭಾಷಣದ ಗುಟ್ಟೆಲ್ಲ ಇರುವುದು ಇಲ್ಲೇ. ಯಾವುದಕ್ಕೆ ಥ್ಯಾಂಕ್ಸ್ ಹೇಳಿದಿರೋ, ಭರವಸೆಯೂ ಅದರಿಂದಲೇ ಹುಟ್ಟಬೇಕು. ಆಗ ನಡುವೆ ಯಾರ ಮಾತೂ ಬೇಕಾಗುವುದಿಲ್ಲ. ಅವಳು ಆ ಪ್ಯಾರಾ ತೆಗೆದು ಹೀಗೆ ಬರೆದಳು: "ಮುಂದೆ ನಮ್ಮಲ್ಲಿ ಕೆಲವರಿಗೆ ಬೇಕಾದ ಕಾಲೇಜು ಸಿಗದೇ ಹೋಗಬಹುದು. ಕೆಲವರು ದಾರಿ ಬದಲಿಸಬಹುದು. ಆಗ ನಾವು ಮೊದಲಿಂದ ಶುರು ಮಾಡಬೇಕಿಲ್ಲ. ಎಲ್ಲಿವರೆಗೆ ಸರಿ ಇತ್ತು ಅಂತ ನೋಡಿ, ಅಲ್ಲಿಂದ ಮುಂದುವರಿಯುವುದು ನಮಗೆ ಗೊತ್ತಿದೆ."

ಇದರಲ್ಲಿ ಇನ್ನೂ ಒಂದು ಒಳ್ಳೆಯದಾಯಿತು. ಸಭೆಯಲ್ಲಿ ಕಡಿಮೆ ಅಂಕ ಬಂದವರೂ, ಮುಂದೇನು ಅಂತ ಗೊತ್ತಿಲ್ಲದವರೂ ಕೂತಿರುತ್ತಾರೆ. ನಾವೆಲ್ಲ ಗೆಲ್ಲುತ್ತೇವೆ ಅಂದಾಗ ಅವರಿಗೆ ಆ ಮಾತು ತಮ್ಮದಲ್ಲ ಅನ್ನಿಸುತ್ತದೆ. ಇಲ್ಲಿ ಹಾಗಾಗಲಿಲ್ಲ. ನೀವು ಮೊದಲ ಸ್ಥಾನ ಬಂದಿದ್ದಕ್ಕೇ ಮೈಕ್ ಸಿಕ್ಕಿರಬಹುದು, ಆದರೆ ಮಾತಾಡುವುದು ಎಲ್ಲರ ಪರವಾಗಿ. ಕರಡು ಮುಗಿದ ಮೇಲೆ "ನಾನು" ಬಂದ ಕಡೆಗಳಲ್ಲೆಲ್ಲ ಒಂದು ಗುರುತು ಹಾಕಿ. ಅವು "ನಾವು"ಗಿಂತ ಜಾಸ್ತಿ ಇದ್ದರೆ ಭಾಷಣ ನಿಮ್ಮ ಓದಿನ ಕಥೆಯಾಗಿದೆ ಅಂತ ಅರ್ಥ.

ಶುರು ಮತ್ತು ಕೊನೆ ಈಗ ಸುಲಭ. ಸ್ವಾಗತದ ಮಾತುಗಳನ್ನು ಎರಡು ವಾಕ್ಯದಲ್ಲಿ ಮುಗಿಸಿ, ಎಲ್ಲರಿಗೂ ಗೊತ್ತಿರುವ ಯಾವುದಾದರೂ ಒಂದು ವಿಷಯಕ್ಕೆ ನೇರವಾಗಿ ಹೋಗಿ. ಅವಳು ಶುರು ಮಾಡಿದ್ದು "ನಮ್ಮ ಕ್ಲಾಸಿನಲ್ಲಿ ಪೇಪರ್ ಕೊಟ್ಟ ದಿನ ಎಲ್ಲರೂ ಒಂದು ಗೆರೆ ಹುಡುಕುತ್ತಿದ್ದೆವು" ಅನ್ನುವುದರಿಂದ. ಸಹಪಾಠಿಗಳು ಅಲ್ಲೇ ನಕ್ಕರು. ಯಾವ ಗೆರೆ ಅಂತ ಅಪ್ಪ ಅಮ್ಮಂದಿರು ಕಿವಿಗೊಟ್ಟರು. ಕೊನೆಗೆ ಭರವಸೆಯ ವಾಕ್ಯ, ಆಮೇಲೆ "ನಮಸ್ಕಾರ". ಮಾತಾಡಲು ಅವಕಾಶ ಕೊಟ್ಟವರಿಗೆ ವಂದನೆ ಹೇಳುವುದಿದ್ದರೆ ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಬಂದರೆ ಅದು ಒಳ್ಳೆಯ ಮುಕ್ತಾಯದ ಮೇಲೆ ಕೂರುತ್ತದೆ.

ಯಾರನ್ನೆಲ್ಲ ನೆನೆಯಬೇಕು ಅನ್ನುವುದು ದೊಡ್ಡ ತಲೆನೋವು. ಎಲ್ಲರ ಹೆಸರೂ ಓದಿದರೆ ಹಾಜರಿ ಕರೆದಂತಾಗುತ್ತದೆ, ಒಬ್ಬರ ಹೆಸರು ಬಿಟ್ಟುಹೋದರೆ ಅವರಿಗೆ ನೋವು. ನಾನು ಹೇಳುವ ದಾರಿ ಇದು: ಹೆಸರಿನ ಪಟ್ಟಿಯೇ ಬೇಡ. ಎರಡು ಅಥವಾ ಮೂರು ಪ್ರಸಂಗ ಆರಿಸಿ. ಒಂದು ಪಾಠ ಹೇಳಿದವರದ್ದು, ಒಂದು ಪಾಠ ಹೇಳದೆಯೂ ನಮ್ಮನ್ನು ನೋಡಿಕೊಂಡವರದ್ದು. ಗಂಟೆ ಹೊಡೆಯುವವರು, ಲ್ಯಾಬ್ ಸಹಾಯಕರು, ಪುಸ್ತಕ ತಡವಾಗಿ ತಂದರೂ ಇಸಿದುಕೊಂಡ ಲೈಬ್ರರಿಯವರು, ಹೀಗೆ. ಮೂರನೆಯದು ಮನೆಯವರದ್ದು. ಉಳಿದವರಿಗೆಲ್ಲ ಸೇರಿಸಿ ಒಂದೇ ವಾಕ್ಯದಲ್ಲಿ ಮನಸ್ಸಿನಿಂದ ವಂದನೆ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ಉದ್ದ? ವೇದಿಕೆ ಮೇಲೆ ಬಿಡಿಸಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 80ರಿಂದ 100 ಪದ ಹೋಗುತ್ತದೆ. ಐದು ನಿಮಿಷ ಸಿಕ್ಕಿದ್ದರೆ 350 ಪದ ಸಾಕು, ಉಳಿದ ಹೊತ್ತು ನಗುವಿಗೆ, ಚಪ್ಪಾಳೆಗೆ ಬೇಕು. ಮನಸ್ಸಿನಲ್ಲಿ ಓದಿ ಸಮಯ ನೋಡಬೇಡಿ. ನಿಂತುಕೊಂಡು, ಗಟ್ಟಿಯಾಗಿ ಓದಿ ನೋಡಿ. ಯಾವ ವಾಕ್ಯದಲ್ಲಿ ಉಸಿರು ಸಾಲುವುದಿಲ್ಲವೋ ಅದನ್ನು ಎರಡು ಮಾಡಿ. ಯಾವ ವಾಕ್ಯದಲ್ಲಿ ಗಂಟಲು ಕಟ್ಟುತ್ತದೋ ಅದನ್ನು ತುಂಬಾ ಚಿಕ್ಕದು ಮಾಡಿ. ಅದರ ಹಿಂದೆ ಮುಂದೆ ಹಾಳೆಯಲ್ಲಿ ಒಂದೊಂದು ಸಾಲು ಖಾಲಿ ಬಿಡಿ, ಅಲ್ಲಿ ನಿಲ್ಲಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನೊಂದೇ ಒಂದು ಕೆಲಸ ಬಾಕಿ. ಯಾರ ಪ್ರಸಂಗ ಹೇಳುತ್ತೀರೋ ಅವರಿಗೆ ಮೊದಲೇ ಒಂದು ಮಾತು ಕೇಳಿ, ಮುಖ್ಯವಾಗಿ ಅದರಲ್ಲಿ ದುಡ್ಡು, ಕಾಯಿಲೆ, ಮನೆಯ ಕಷ್ಟದ ವಿಷಯ ಇದ್ದರೆ. ಒಬ್ಬ ಟೀಚರ್ ಸದ್ದಿಲ್ಲದೆ ಒಬ್ಬ ಹುಡುಗನ ಫೀಸು ಕಟ್ಟಿದ್ದರೆ ಅದನ್ನು ಮೈಕಿನಲ್ಲಿ ಹೇಳುವುದು ಟೀಚರಿಗೂ ಮುಜುಗರ, ಆ ಹುಡುಗನಿಗೂ ಕಷ್ಟ. ಅವರು ಬೇಡ ಅಂದರೆ ಭಾಷಣದಿಂದ ತೆಗೆದು, ಅದೇ ಮಾತನ್ನು ಒಂದು ಕಾಗದದಲ್ಲಿ ಬರೆದು ಅವರ ಕೈಗೇ ಕೊಡಿ.