ಮಲಗಿಸುವ ವಿಡಿಯೋದಲ್ಲಿ ಅಪ್ಪನ ನಗು ಎಲ್ಲಿರಬೇಕು

ನಾನು ಸೋಮವಾರಪೇಟೆಯಲ್ಲಿ ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಕಳೆದ ಜುಲೈನಲ್ಲಿ ಶನಿವಾರಸಂತೆ ಕಡೆಯ ಒಬ್ಬ ತಾಯಿ ಬಂದರು. ಗಂಡ ಸೇನೆಯಲ್ಲಿ, ರಜೆ ಮುಗಿಸಿಕೊಂಡು ವಾಪಸ್ ಹೋಗಿ ಒಂದು ತಿಂಗಳಾಗಿತ್ತು. ಮೂರು ವರ್ಷದ ಮಗ ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. "ಅಣ್ಣಾ, ನಮ್ಮತ್ತೆ ಕಥೆ ಹೇಳ್ತಾರೆ. ಅದಕ್ಕೆ ಮನೆಯ ಫೋಟೋ, ವಿಡಿಯೋ ಜೋಡಿಸಿ ಐದಾರು ನಿಮಿಷದ್ದು ಮಾಡ್ಕೊಡಿ. ಅದರಲ್ಲಿ ಇವನ ಅಪ್ಪ ಇರ್ಬೇಕು" ಅಂದರು.

ನಾನು ಎರಡೇ ದಿನದಲ್ಲಿ ಮಾಡಿ ಕೊಟ್ಟೆ. ನನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದ್ದೆ. ಮೊದಲು ಒಂದು ಸಂಗೀತ ಹಾಕಿಕೊಂಡು ಅದರ ತಾಳಕ್ಕೆ ಮೂರು ಸೆಕೆಂಡಿಗೊಂದು ಫೋಟೋ ಕೂರಿಸಿ, ಅಜ್ಜಿಯ ಮಾತನ್ನು ಆಮೇಲೆ ಸಂದಿಯಲ್ಲಿ ತುಂಬಿದ್ದೆ. ಕೊನೆಗೆ, ಮದುವೆ ವಿಡಿಯೋದಲ್ಲಿ ಒಳ್ಳೆಯ ಶಾಟ್ ಕೊನೆಗೆ ಇಡುತ್ತೇವಲ್ಲ ಹಾಗೆ, ಅಪ್ಪ ಮಗುವನ್ನು ಮೇಲಕ್ಕೆ ಎತ್ತಿ ಜೋರಾಗಿ ನಗುವ ಕ್ಲಿಪ್ ಇಟ್ಟಿದ್ದೆ. ಮಾರನೇ ದಿನ ಅವರ ಫೋನ್ ಬಂತು. ಮಗು ಅರ್ಧ ಕಣ್ಣು ಮುಚ್ಚಿತ್ತಂತೆ, ಆ ನಗು ಕೇಳಿದ ಕೂಡಲೇ "ಅಪ್ಪ!" ಅಂತ ಎದ್ದು ಕೂತಿತಂತೆ. ಮತ್ತೆ ಹಾಕು, ಮತ್ತೆ ಹಾಕು ಅಂತ ಹಟ. ಆಮೇಲೆ ಅಪ್ಪ ಎಲ್ಲಿ ಅಂತ ಅಳು. ಒಂದು ಗಂಟೆಯವರೆಗೂ ಯಾರೂ ಮಲಗಿಲ್ಲ.

ನನಗೆ ನಿಜಕ್ಕೂ ಸಂಕಟ ಆಯ್ತು. ನಾನು ಇಷ್ಟು ವರ್ಷ ಕಲಿತಿದ್ದೆಲ್ಲ ನೋಡುವವರು ಕಣ್ಣು ಕೀಳದ ಹಾಗೆ ಮಾಡುವುದನ್ನು. ಇಲ್ಲಿ ಬೇಕಿದ್ದದ್ದು ಕಣ್ಣು ಮುಚ್ಚಿಸುವುದು. ದುಡ್ಡು ಬೇಡ, ಇನ್ನೊಂದು ಸಲ ಮಾಡಿಕೊಡ್ತೀನಿ ಅಂದೆ.

ಈ ಸಲ ಮೊದಲು ಅಜ್ಜಿಯ ದನಿ, ಆಮೇಲೆ ಚಿತ್ರ. ಅವರ ಮನೆಗೇ ಹೋದೆ. ಹೆಂಚಿನ ಮನೆ, ಹೊರಗೆ ಬಿಡದ ಮಳೆ. ಮಳೆ ನಿಲ್ಲಲಿ ಅಂತ ಕಾದರೆ ಸೆಪ್ಟೆಂಬರ್ ಬರುತ್ತದೆ ಅಲ್ವಾ, ಹಾಗಾಗಿ ಮಳೆಯ ಜೊತೆಗೇ ರೆಕಾರ್ಡ್ ಮಾಡಿದೆ. ಅಜ್ಜಿಗೆ ಓದಲು ಏನೂ ಕೊಡಲಿಲ್ಲ. ಓದಿದರೆ ದನಿ ಪಾಠದ ಹಾಗೆ ಆಗುತ್ತದೆ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೈಕನ್ನು ಅಜ್ಜಿಯ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟೆ. ನೇರವಾಗಿ ಇಟ್ಟರೆ 'ಪ', 'ಬ' ಬಂದಾಗ ಉಸಿರು ಮೈಕಿಗೆ ಹೊಡೆದು ಧಡ್ ಅನ್ನುತ್ತದೆ.

ಕಥೆ ಇಷ್ಟೇ. ಬೆಟ್ಟದಿಂದ ಮಂಜು ಇಳಿದು ಬಂದು ಮನೆಯ ಒಂದೊಂದನ್ನೇ ಮಾತಾಡಿಸುತ್ತದೆ.

"ಮಂಜು ಮೆಲ್ಲಗೆ ಕಣಕ್ಕೆ ಬಂತು. ಕಣವೇ ಕಣವೇ, ಮಲಗಿದ್ಯಾ? ಹೂಂ, ಕಾಫಿಯೆಲ್ಲ ಚೀಲಕ್ಕೆ ಹೋಯ್ತು, ನಾನು ಮಲಗಿದೆ. ಮಂಜು ಮೆಲ್ಲಗೆ ಜಗಲಿಗೆ ಬಂತು. ಕರಿಯಾ ಕರಿಯಾ, ಮಲಗಿದ್ಯಾ? ಹೂಂ, ಬಾಲ ಸುತ್ತಿಕೊಂಡೆ, ಮಲಗಿದೆ. ಮಂಜು ಮೆಲ್ಲಗೆ ಬಾಗಿಲಿಗೆ ಬಂತು. ಅಪ್ಪನ ಬೂಟೇ, ಮಲಗಿದ್ಯಾ? ಹೂಂ, ಅಪ್ಪ ಬರೋವರೆಗೂ ಇಲ್ಲೇ ಮಲಗಿರ್ತೀನಿ."

ಆ ಬೂಟು ತೋಟಕ್ಕೆ ಹಾಕಿಕೊಳ್ಳುವ ಗಂಬೂಟ್. ಅದು ಅಜ್ಜಿಯೇ ಸೇರಿಸಿದ್ದು, ನಾನು ಹೇಳಿಕೊಟ್ಟಿದ್ದಲ್ಲ.

ಸ್ಟುಡಿಯೋಗೆ ಬಂದು ಮಾತನ್ನು ಕತ್ತರಿಸಲು ಕೂತಾಗ ಒಂದು ತೊಂದರೆ ಕಂಡಿತು. ಅಜ್ಜಿಯ ಕೆಮ್ಮು ತೆಗೆದ ಜಾಗದಲ್ಲೆಲ್ಲ ಮಳೆಯೂ ಕತ್ತರಿಸಿ ಹೋಗಿ ಒಂದು ಕ್ಷಣ ಪೂರ್ತಿ ನಿಶ್ಶಬ್ದ. ನಿದ್ದೆಗೆ ಜಾರುವ ಕಿವಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ನಾಯ್ಸ್ ರಿಡಕ್ಷನ್ ಹಾಕಿ ಮಳೆಯನ್ನೇ ತೆಗೆಯಲು ಹೋದರೆ ಅಜ್ಜಿ ನೀರೊಳಗಿಂದ ಮಾತಾಡಿದ ಹಾಗೆ ಕೇಳಿತು. ಮಳೆಯ ಸದ್ದು ಮಾತಿನ ದನಿಯ ಮೇಲೆಲ್ಲ ಹರಡಿಕೊಂಡಿರುತ್ತದೆ, ಅದನ್ನು ಕಿತ್ತರೆ ದನಿಯೂ ಕಿತ್ತು ಬರುತ್ತದೆ. ಪುಣ್ಯಕ್ಕೆ ಅದೇ ಕೋಣೆಯಲ್ಲಿ, ಯಾರೂ ಮಾತಾಡದೆ, ಎರಡು ನಿಮಿಷ ಬರೀ ಮಳೆಯನ್ನೂ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಉದ್ದಕ್ಕೂ ಕೆಳಗೆ ಹಾಸಿದೆ, ತುದಿಗಳನ್ನು ಒಂದರೊಳಗೊಂದು ಬೆರೆಸಿದೆ. ತೂತುಗಳೆಲ್ಲ ಮುಚ್ಚಿಹೋದವು. ಸಂಗೀತ ಬೇಕೇ ಆಗಲಿಲ್ಲ.

ಆಮೇಲೆ ಫೋಟೋಗಳು. ಅವರು ವಾಟ್ಸಾಪಿನಲ್ಲಿ ಕಳಿಸಿದ್ದವು ಕುಗ್ಗಿ ಬಂದಿದ್ದವು. ಸುಮ್ನೆ ನೋಡಲು ಸಾಕು, ಆದರೆ ಜೂಮ್ ಮಾಡಿದರೆ ಮಸುಕು. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿದೆ. ಒಂದೊಂದು ಚಿತ್ರಕ್ಕೆ ಹತ್ತರಿಂದ ಹನ್ನೆರಡು ಸೆಕೆಂಡ್ ಕೊಟ್ಟೆ. ಆ ಹೊತ್ತಿನಲ್ಲಿ ಬರೀ 100ರಿಂದ 105 ಪರ್ಸೆಂಟ್ ಜೂಮ್, ಅದೂ ಎಲ್ಲದಕ್ಕೂ ಒಂದೇ ದಿಕ್ಕಿಗೆ. ಒಂದು ಒಳಗೆ, ಇನ್ನೊಂದು ಹೊರಗೆ ಮಾಡಿದರೆ ತೊಟ್ಟಿಲನ್ನು ಜಗ್ಗಿದ ಹಾಗಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಎರಡು ಸೆಕೆಂಡಿನ ಡಿಸಾಲ್ವ್. ಮೊದಲ ವಿಡಿಯೋದಲ್ಲಿ ಅಪ್ಪ ಹಿಮದ ಮೇಲೆ ನಿಂತ ಫೋಟೋ ಇತ್ತು, ಅದು ಬಂದಾಗ ಕತ್ತಲ ಕೋಣೆಯೇ ಬೆಳಗಿತ್ತಂತೆ. ಅದನ್ನು ತೆಗೆದೆ. ಬಿಳಿ ಅಂಚಿನ ಹಳೇ ಪ್ರಿಂಟ್‌ಗಳ ಅಂಚನ್ನೂ ಕತ್ತರಿಸಿದೆ.

ಇನ್ನು ಅಪ್ಪನ ವಿಷಯ. ಇದರ ಮೇಲೆ ನಾನು ಜಾಸ್ತಿ ಹೊತ್ತು ಕೂತೆ. ತನಗೆ ಬೇಕಾದ ಮುಖ, ಅದೂ ತನ್ನನ್ನೇ ನೋಡುತ್ತಿರುವ ಮುಖ ಕಂಡರೆ ಮಗು ಉತ್ತರ ಕೊಡಲು ಏಳುತ್ತದೆ. ಹಾಗಂತ ಅಪ್ಪನನ್ನು ಬಿಡುವ ಹಾಗಿಲ್ಲ, ತಾಯಿ ಕೇಳಿದ್ದೇ ಅದನ್ನು. ಕೊನೆಗೆ ಆ ನಗುವ ಕ್ಲಿಪ್ಪನ್ನು ತಂದು ಮೊಟ್ಟಮೊದಲಿಗೆ ಇಟ್ಟೆ, ಕಥೆ ಶುರುವಾಗುವುದಕ್ಕೂ ಮುಂಚೆ. ಅದರ ಸದ್ದು ಪೂರ್ತಿ ತೆಗೆದೆ. ಅದು ಸೆಕೆಂಡಿಗೆ 60 ಫ್ರೇಮಿನ ಕ್ಲಿಪ್, ನನ್ನ ಟೈಮ್‌ಲೈನ್ 25ರದ್ದು, ಹಾಗಾಗಿ 42 ಪರ್ಸೆಂಟ್ ವೇಗಕ್ಕೆ ಇಳಿಸಿದರೂ ಎಲ್ಲೂ ತಡವರಿಸಲಿಲ್ಲ. 30 ಫ್ರೇಮಿನದಾಗಿದ್ದರೆ ಕುಂಟುತ್ತಿತ್ತು. ನೋಡಬೇಕು ಅನ್ನುವ ಆಸೆ ಅಲ್ಲೇ ತೀರಲಿ ಅಂತ ಯೋಚಿಸಿದೆ. ನಡುವೆ ಅಪ್ಪ ಬೆನ್ನು ಹಾಕಿ ತೋಟದಲ್ಲಿ ನಡೆಯುವ ಫೋಟೋ. ಆಮೇಲೆ ಬರೀ ಬೂಟು. ಅಲ್ಲಿಂದ ಮುಂದೆ ಮುಖಗಳೇ ಇಲ್ಲ. ಕಂಬಳಿ, ಕಿಟಕಿ, ಮಂಜು.

ಕೊನೆಯ ಎರಡು ನಿಮಿಷ ಬೆಳಕನ್ನು ಮೆಲ್ಲಗೆ ಇಳಿಸುತ್ತಾ ಬಂದು ಪೂರ್ತಿ ಕಪ್ಪು ಮಾಡಿದೆ. ಮಂಜಿನ ಫೋಟೋ ಕತ್ತಲಾಗುವಾಗ ಪಟ್ಟೆ ಪಟ್ಟೆ ಕಾಣಿಸುತ್ತಿತ್ತು, ಸ್ವಲ್ಪ ಗ್ರೇನ್ ಸೇರಿಸಿದ ಮೇಲೆ ಹೋಯ್ತು. ಕಪ್ಪಾದ ಮೇಲೆಯೂ ಹತ್ತು ನಿಮಿಷ ಬರೀ ಮಳೆ ಬಿಟ್ಟೆ. ಇದು ಆ ತಾಯಿ ಹೇಳಿದ್ದಕ್ಕೆ ಮಾಡಿದ್ದು. ಮೊದಲ ಸಲ ವಿಡಿಯೋ ಮುಗಿದ ಕೂಡಲೇ ಫೋನು ತಾನಾಗಿಯೇ ಇನ್ಯಾವುದೋ ಹಾಡು ಹಾಕಿತ್ತಂತೆ. ಈಗ ಆರಾಮಾಗಿ ಎದ್ದು ಆಫ್ ಮಾಡಲು ಅವರಿಗೆ ಸಮಯ ಇರುತ್ತದೆ.

ಕೊಡುವಾಗ ಬರೀ ಆಡಿಯೋ ಫೈಲನ್ನೂ ಬೇರೆಯಾಗಿ ಕೊಟ್ಟೆ. ಪುಟ್ಟ ಮಕ್ಕಳಿಗೆ ಮಲಗುವ ಹೊತ್ತಿಗೆ ಪರದೆ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಅದು ಸರಿ ಅಂತ ನನಗೂ ಅನಿಸುತ್ತದೆ. ಚಿತ್ರ ಕೆಲವು ದಿನ ತೋರಿಸಿ, ಆಮೇಲೆ ಫೋನು ಬೋರಲು ಹಾಕಿ ದನಿ ಮಾತ್ರ ಕೇಳಿಸಿ ನೋಡಿ ಅಂದೆ.

ಮೂರು ವಾರ ಬಿಟ್ಟು ಅವರು ಸಂತೆಗೆ ಬಂದಾಗ ಸ್ಟುಡಿಯೋಗೆ ಬಂದಿದ್ದರು. ಈಗ ಆಡಿಯೋ ಮಾತ್ರವಂತೆ. ಕತ್ತಲಲ್ಲಿ ಅಜ್ಜಿಯ ದನಿ "ಮಂಜು ಮೆಲ್ಲಗೆ ಬಾಗಿಲಿಗೆ ಬಂತು" ಅನ್ನುವ ಹೊತ್ತಿಗೆ ಮಗು ಕಣ್ಣು ಮುಚ್ಚಿಕೊಂಡೇ "ಈಗ ಅಪ್ಪನ ಬೂಟು" ಅನ್ನುತ್ತದಂತೆ. ಹೆಚ್ಚಿನ ದಿನ ಕಿಟಕಿ ಬರುವುದರೊಳಗೆ ನಿದ್ದೆ ಬಂದಿರುತ್ತದೆ.